ಮೂರು ರೊಟ್ಟಿ, ನಾಲ್ಕು ಮಕ್ಕಳು: 3/4 ಸರಿಯೋ, 3/12 ಸರಿಯೋ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಒಂದು ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಭಿನ್ನರಾಶಿ ಪಾಠಕ್ಕೆ ಒಂದು ಸಣ್ಣ ಕಥೆ ಬರೆದೆ. ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಊಟಕ್ಕೆ ಕೂತಾಗ ಗೌರಿ ಅನ್ನುವ ಹುಡುಗಿ ಮೂರು ಸಜ್ಜೆ ರೊಟ್ಟಿಯನ್ನು ತನಗೂ ಕಾಕಾ, ಅತ್ತೆಯರ ಮೂವರು ಮಕ್ಕಳಿಗೂ ಸಮನಾಗಿ ಹಂಚುತ್ತಾಳೆ. ಒಂದೊಂದು ರೊಟ್ಟಿಯನ್ನೂ ನಾಲ್ಕು ಚೂರು ಮಾಡುತ್ತಾಳೆ, ಒಬ್ಬೊಬ್ಬರಿಗೆ ಮೂರು ಚೂರು ಬರುತ್ತದೆ. ಕಥೆ ಓದಿ “ಒಬ್ಬೊಬ್ಬರಿಗೆ ಎಷ್ಟು?” ಅಂತ ಕೇಳಿದೆ. ಕೆಲವರು 3/4 ಅಂದರು, ಬಹಳ ಮಕ್ಕಳು 3/12 ಅಂದರು, ಒಬ್ಬಳು “ಮೂರು ಚೂರು” ಅಂತ ಹೇಳಿ ಕೂತಳು. ಕಥೆಯಿಂದ ಮಕ್ಕಳ ತಲೆ ಕೆಡುತ್ತದೆ, ನೇರವಾಗಿ ನಿಯಮ ಹೇಳಿಕೊಡಿ ಅಂತ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಕಥೆ ಬಿಡಲೋ, ತಿದ್ದಲೋ?

ಉತ್ತರ: ಬಿಡಬೇಡಿ, ಮೇಡಂ. ಆದರೆ ಕಥೆಯ ಕೊನೆಯ ಪ್ರಶ್ನೆಯನ್ನು ಮೊದಲು ಬದಲಿಸಿ. ಬರೀ “ಎಷ್ಟು?” ಅಂತ ಕೇಳಿದರೆ ಯಾವುದನ್ನು ಒಂದು ಅಂತ ಹಿಡಿಯಬೇಕು ಅನ್ನುವುದನ್ನು ಮಗುವೇ ಊಹಿಸಬೇಕಾಗುತ್ತದೆ. 3/4 ಅಂದವರು ಒಂದು ರೊಟ್ಟಿಯನ್ನು ಒಂದು ಅಂತ ಹಿಡಿದರು. 3/12 ಅಂದವರು ಬುಟ್ಟಿಯಲ್ಲಿದ್ದ ಅಷ್ಟೂ ರೊಟ್ಟಿಯನ್ನು ಕೂಡಿಸಿ ಒಂದು ಅಂತ ಹಿಡಿದರು. ಹನ್ನೆರಡು ಚೂರಲ್ಲಿ ಮೂರು ತನ್ನದು ಅನ್ನುವುದು ಸುಳ್ಳಲ್ಲ. ಹಾಗಾಗಿ ಅವರ ಪಟ್ಟಿಯ ಮೇಲೆ ಕೆಂಪು ಗೀಟು ಎಳೆಯಬೇಡಿ. ಎಳೆದರೆ ಮಗುವಿಗೆ ತಾನು ಎಣಿಸಿದ್ದೇ ತಪ್ಪಾಯಿತು ಅನ್ನಿಸುತ್ತದೆ, ಆದರೆ ಅದು ಎಣಿಸಿದ್ದು ಸರಿಯಾಗಿಯೇ ಇದೆ.

ಹಾಗಂತ ಎರಡೂ ಸರಿ ಅಂತ ಹೇಳಿ ಮುಂದಕ್ಕೆ ಹೋದರೂ ಆಗದು. 3/12 ಅನ್ನುವ ಉತ್ತರದಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನು ಮಕ್ಕಳೇ ಕಂಡುಕೊಳ್ಳುವ ಹಾಗೆ ಮಾಡಬಹುದು. ಅದೇ ನಾಲ್ಕು ಮಕ್ಕಳಿಗೆ ಮೂರರ ಬದಲು ಆರು ರೊಟ್ಟಿ ಸಿಕ್ಕಿತು ಅನ್ನಿ. ಒಂದೊಂದನ್ನೂ ನಾಲ್ಕು ಮಾಡಿದರೆ ಇಪ್ಪತ್ತನಾಲ್ಕು ಚೂರು, ತಲೆಗೆ ಆರು. ಅದೇ ದಾರಿಯಲ್ಲಿ ಹೋದ ಮಗು 6/24 ಅಂತ ಬರೆಯುತ್ತದೆ. 3/12 ಆದರೂ 6/24 ಆದರೂ ಬೆಲೆ 1/4ಯೇ. ಬುಟ್ಟಿಯಲ್ಲಿ ಒಂದೇ ರೊಟ್ಟಿ ಇರಲಿ, ನೂರು ಇರಲಿ, ನಾಲ್ವರಲ್ಲಿ ಒಬ್ಬನ ಪಾಲು ಬುಟ್ಟಿಯ ಕಾಲು ಭಾಗವೇ. “ಹಾಗಾದರೆ ಎರಡೂ ದಿನ ಅಷ್ಟೇ ತಿಂದೆಯಾ?” ಅಂತ ಕೇಳಿ ನೋಡಿ. ಇಲ್ಲ, ಎರಡನೇ ದಿನ ಎರಡು ಪಟ್ಟು ತಿಂದೆ ಅಂತ ಐದನೇ ತರಗತಿಯ ಮಗುವಿಗೆ ಗೊತ್ತೇ ಇರುತ್ತದೆ. ಅಲ್ಲಿಗೆ ತನ್ನ ಉತ್ತರ ತಟ್ಟೆಯಲ್ಲಿ ಎಷ್ಟಿದೆ ಅನ್ನುವುದನ್ನು ಹೇಳುತ್ತಿಲ್ಲ ಅಂತ ಮಗುವಿಗೇ ತಿಳಿಯುತ್ತದೆ. ನೀವು ವಾದ ಮಾಡಬೇಕಾಗಿಲ್ಲ.

“ಮೂರು ಚೂರು” ಅಂದ ಹುಡುಗಿಯ ವಿಷಯ ಬೇರೆ. ನಾನು ಶಿಕ್ಷಕರ ಜೊತೆ ತರಗತಿಗಳಲ್ಲಿ ಕೂತು ನೋಡಿದ ಹಾಗೆ ಅವಳ ಮೇಲೆಯೇ ಹೆಚ್ಚು ಗಮನ ಇಡಬೇಕು. ಅವಳು ಯಾವುದನ್ನೂ ಒಂದು ಅಂತ ಹಿಡಿದಿಲ್ಲ, ಚೂರುಗಳನ್ನು ಗೋಲಿ ಎಣಿಸಿದ ಹಾಗೆ ಎಣಿಸಿದ್ದಾಳೆ. ಮುಂದೆ 1/2 ಮತ್ತು 1/3 ಕೂಡಿಸು ಅಂದಾಗ 2/5 ಅಂತ ಬರೆಯುವುದು ಈ ಎಣಿಕೆಯೇ: ಮೇಲೆ ಒಂದು ಒಂದು ಎರಡು, ಕೆಳಗೆ ಎರಡು ಮೂರು ಐದು. ಮಕ್ಕಳಿಗೆ ಅದು ಕೂಡುವ ನಿಯಮ ಮರೆತದ್ದು ಅಂತ ನಾವು ಅಂದುಕೊಳ್ಳುತ್ತೇವೆ. ನಿಯಮ ಹೇಳಿಕೊಟ್ಟ ವಾರ ಸರಿಯಾಗಿ ಮಾಡಿ, ತಿಂಗಳ ಮೇಲೆ ಮತ್ತೆ 2/5ಕ್ಕೆ ಮರಳುತ್ತಾರಲ್ಲ, ಅದಕ್ಕೆ ಕಾರಣ ಕೆಳಗಿನ ಅಂಕಿ ಚೂರಿನ ಗಾತ್ರ ಹೇಳುತ್ತದೆ ಅನ್ನುವುದೇ ಅವರ ಮನಸ್ಸಿಗೆ ಇಳಿಯದೆ ಇರುವುದು. ನಿಮ್ಮ ಸಹೋದ್ಯೋಗಿಗಳು ಹೇಳುವ ನೇರ ದಾರಿಯಲ್ಲಿರುವ ಅಪಾಯವೂ ಇದೇ. ಉತ್ತರ ಬೇಗ ಬರುತ್ತದೆ, ಬೇಗ ಹೋಗುತ್ತದೆ.

ಈಗ ಕಥೆಗೆ ಬರೋಣ. ನಿಮ್ಮ ಗೌರಿ ಎಲ್ಲ ರೊಟ್ಟಿಯನ್ನೂ ನಾಲ್ಕು ನಾಲ್ಕು ಮಾಡುತ್ತಾಳೆ. ಇದು ಪಠ್ಯಪುಸ್ತಕದವರು ಮಾಡುವ ಹಂಚಿಕೆ. ಹಸಿದ ಮಕ್ಕಳು ಹಾಗೆ ಮಾಡುವುದಿಲ್ಲ. ಮೊದಲು ಆದಷ್ಟು ದೊಡ್ಡ ತುಂಡು ಎಲ್ಲರಿಗೂ ಬರುವ ಹಾಗೆ ನೋಡುತ್ತಾರೆ, ಉಳಿದದ್ದನ್ನು ಆಮೇಲೆ ಸಣ್ಣದು ಮಾಡುತ್ತಾರೆ. ಈ ಕ್ರಮಕ್ಕೆ ಬಹಳ ಹಳೆಯ ಚರಿತ್ರೆಯೂ ಇದೆ. ಕ್ರಿ.ಪೂ. 1550ರ ಸುಮಾರಿಗೆ ಈಜಿಪ್ಟಿನ ಲಿಪಿಕಾರ ಅಹ್ಮೆಸ್ ನಕಲು ಮಾಡಿದ, ಈಗ ರೈಂಡ್ ಪಪೈರಸ್ ಅಂತ ಹೆಸರಾಗಿರುವ ಗಣಿತದ ಸುರುಳಿಯ ಮೊದಮೊದಲ ಲೆಕ್ಕಗಳು ಹತ್ತು ಜನರಿಗೆ ರೊಟ್ಟಿ ಹಂಚುವ ಲೆಕ್ಕಗಳೇ. ಆರು ರೊಟ್ಟಿ ಹತ್ತು ಜನರಿಗೆ ಅಂದರೆ ಅಲ್ಲಿಯ ಉತ್ತರ 1/2 ಮತ್ತು 1/10: ಐದು ರೊಟ್ಟಿಯಲ್ಲಿ ಎಲ್ಲರಿಗೂ ಅರ್ಧರ್ಧ, ಉಳಿದ ಒಂದರಲ್ಲಿ ಹತ್ತು ಪಾಲು. ನಮ್ಮಲ್ಲೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಒಂದು ಭಿನ್ನರಾಶಿಯನ್ನು ಹೀಗೆ ಅಂಶ ಒಂದೇ ಇರುವ ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಸೂತ್ರಗಳಿವೆ. ಆದ್ದರಿಂದ ಅರ್ಧದಿಂದ ಶುರು ಮಾಡುವ ಮಗುವಿಗೆ ದಾರಿ ಗೊತ್ತಿಲ್ಲ ಅಂತ ತಿಳಿಯಬೇಡಿ.

ನಿಮ್ಮ ಕಥೆಯನ್ನೇ ಹಿಡಿದು ನಾನು ಹೀಗೆ ತಿದ್ದಿದ್ದೇನೆ. ಹಿಡಿಸಿದರೆ ಬಳಸಿಕೊಳ್ಳಿ.

*ಚರಗ ಚೆಲ್ಲಿ ಬಂದ ಮೇಲೆ ಎಲ್ಲರೂ ಗಿಡದ ನೆರಳಿಗೆ ಊಟಕ್ಕೆ ಕೂತರು. ದೊಡ್ಡವರಿಗೆ ಬಡಿಸಿ ಮಕ್ಕಳ ಸಾಲಿಗೆ ಬರುವಷ್ಟರಲ್ಲಿ ಬುಟ್ಟಿಯ ತಳದಲ್ಲಿ ಎಳ್ಳು ಹಚ್ಚಿದ ಮೂರೇ ಸಜ್ಜೆ ರೊಟ್ಟಿ ಉಳಿದಿದ್ದವು.*

*“ಆಯಿ, ರೊಟ್ಟಿ ಮೂರ ಅದಾವ. ನಾವು ನಾಕು ಮಂದಿ,” ಅಂದಳು ಗೌರಿ.*

*“ನೀನ ಹಂಚವಾ. ಯಾರಿಗೂ ಹೆಚ್ಚು ಕಮ್ಮಿ ಆಗಬಾರದು ನೋಡು.”*

*ಗೌರಿ ಎರಡು ರೊಟ್ಟಿಯನ್ನು ನಡುವೆ ಮುರಿದಳು. ಬಸು, ಸಂಗೀತಾ, ಸಣ್ಣ ಮಲ್ಲು, ತಾನು, ಎಲ್ಲರ ತಾಟಿಗೂ ಒಂದೊಂದು ಅರ್ಧ ಬಿತ್ತು. ಮೂರನೆಯದನ್ನು ನಡುವೆ ಮುರಿದು, ಆ ಅರ್ಧಗಳನ್ನು ಮತ್ತೆ ಮುರಿದು, ಒಂದೊಂದು ಕಾಲು ಹಾಕಿದಳು.*

*ಬಸು ತನ್ನ ಅರ್ಧವನ್ನು ಎರಡು ಮಾಡಿಟ್ಟುಕೊಂಡು, “ಮಲ್ಲ್ಯಾ, ನಿನಗ ಎರಡ ಚೂರು, ನನಗ ಮೂರು!” ಅಂದ. ಮಲ್ಲು ತನ್ನ ತಾಟು ನೋಡಿದ. ಎರಡೇ. ಅವನ ಬಾಯಿ ಸೊಟ್ಟಗಾಯಿತು. “ಅಕ್ಕಾ, ನನಗ ಕಮ್ಮಿ ಹಾಕೀದಿ.”*

*“ಚೂರು ಎಣಿಸಬ್ಯಾಡ್ರೋ,” ಅಂದಳು ಆಯಿ. “ಎಷ್ಟು ರೊಟ್ಟಿ ಆತು, ಅದನ್ನ ಹೇಳ್ರಿ.”*

*ಗೌರಿ ಮಲ್ಲುವಿನ ತಾಟಿನಲ್ಲಿ ಅರ್ಧಕ್ಕೆ ಕಾಲನ್ನು ಅಂಟಿಸಿ ಇಟ್ಟಳು. ದುಂಡಗಿನ ರೊಟ್ಟಿ ಆಗುವುದಕ್ಕೆ ಒಂದು ಮೂಲೆ ಖಾಲಿ ಉಳಿಯಿತು. ಬಸುವಿನ ಮೂರು ಚೂರನ್ನೂ ಹಾಗೇ ಜೋಡಿಸಿದಳು. ಅಲ್ಲೂ ಅಷ್ಟೇ ಮೂಲೆ ಖಾಲಿ.*

*“ಇಬ್ಬರಿಗೂ ಮುಕ್ಕಾಲು ರೊಟ್ಟಿ. ಒಂದು ರೊಟ್ಟಿಗೆ ಕಾಲು ಕಮ್ಮಿ.”*

*“ನನಗೂ ಕಾಲು ಕಮ್ಮಿ ಅದ,” ಅಂದಳು ಸಂಗೀತಾ. “ನಾಕೂ ತಾಟಿನ್ಯಾಗ ಕಾಲು ಕಾಲು ಕಮ್ಮಿ. ಅಂದ್ರ ಕೂಡಿ ಒಂದು ರೊಟ್ಟಿ ಕಮ್ಮಿ.”*

*ಗೌರಿ ಒಂದು ಗಳಿಗೆ ಸುಮ್ಮನಿದ್ದಳು. “ಹೌದಲ್ಲ! ನಾಕು ಮಂದಿಗೆ ನಾಕು ರೊಟ್ಟಿ ಬೇಕಿತ್ತು, ಮೂರ ಇದ್ದವು. ಇಲ್ಲದ ಒಂದು ರೊಟ್ಟೀನೂ ಎಲ್ಲಾರಿಗೂ ಸಮ ಹಂಚೇದ.”*

*ಆಚೆ ಸಾಲಿನಿಂದ ಕಾಕಾ ಕೇಳಿದ, “ಬುಟ್ಟಿಯೊಳಗಿಂದು ನಿನಗೆಷ್ಟು ಬಂತು, ಗೌರಿ?”*

*“ನಾಕರಾಗ ಒಂದು ಪಾಲು, ಕಾಕಾ.”*

*“ಅಷ್ಟ ಹೇಳಿದ್ರ ನೀ ಎಷ್ಟು ತಿಂದಿ ಅಂತ ನನಗ ಹ್ಯಾಂಗ ತಿಳಿಬೇಕು?”*

ಇಲ್ಲಿ ನಿಲ್ಲಿಸಿ. ಕಾಕಾನ ಪ್ರಶ್ನೆಗೆ ಉತ್ತರವನ್ನು ಕಥೆ ಹೇಳಬಾರದು, ಮಕ್ಕಳು ಹೇಳಬೇಕು. ಮೊದಲು ಹೇಳಿದ ಆರು ರೊಟ್ಟಿಯ ಪ್ರಶ್ನೆಯನ್ನು ಹಾಕುವ ಜಾಗ ಇದೇ.

ಬಸು ಯಾಕೆ ಬಂದ ಅಂತ ನಿಮಗೆ ಗೊತ್ತಾಗಿರುತ್ತದೆ. “ಮೂರು ಚೂರು” ಅಂದ ನಿಮ್ಮ ಹುಡುಗಿಗಾಗಿ ಬಂದ. ಚೂರು ಹೆಚ್ಚಾದರೂ ರೊಟ್ಟಿ ಹೆಚ್ಚಾಗಲಿಲ್ಲ ಅನ್ನುವುದು ಅವಳಿಗೆ ತಾಟಿನಲ್ಲಿ ಕಾಣಬೇಕು. ಆಮೇಲೆ 1/2 ಅನ್ನುವುದೂ 2/4 ಅನ್ನುವುದೂ ಒಂದೇ ಅಂತ ಹೇಳಿದರೆ ಅದು ಅವಳಿಗೆ ಹೊಸ ನಿಯಮ ಅನ್ನಿಸುವುದಿಲ್ಲ, ಬಸು ಮಾಡಿದ ಆಟ ನೆನಪಿಗೆ ಬರುತ್ತದೆ. ಕೊರತೆಯ ಲೆಕ್ಕ ಯಾಕೆ ಅನ್ನುವುದು ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಮಾರನೆಯ ತರಗತಿಗೆ ಐದು ರೊಟ್ಟಿ, ಆರು ಮಕ್ಕಳು ತೆಗೆದುಕೊಳ್ಳಿ. ಈ ಜೋಡಿಯನ್ನು ಬೇಕೆಂದೇ ಹೇಳುತ್ತಿದ್ದೇನೆ. ಮೂರು ರೊಟ್ಟಿ ಅರ್ಧರ್ಧ ಆದರೆ ಆರು ಅರ್ಧ, ಎಲ್ಲರಿಗೂ ಒಂದೊಂದು. ಉಳಿದದ್ದು ಎರಡು ರೊಟ್ಟಿ. ಒಂದೊಂದನ್ನೂ ಮೂರು ಪಾಲು ಮಾಡಿದರೆ ಆರು ಚೂರು, ಮತ್ತೆ ಎಲ್ಲರಿಗೂ ಒಂದೊಂದು. ಒಬ್ಬೊಬ್ಬರಿಗೆ 1/2 ಮತ್ತು 1/3. ಈಗ “ಎಷ್ಟು ರೊಟ್ಟಿ ಆಯಿತು?” ಅಂತ ಕೇಳಿದರೆ 2/5 ಬಂದೇ ಬರುತ್ತದೆ. ಬರಲಿ. ಐದರಲ್ಲಿ ಎರಡು ಪಾಲು ಅರ್ಧಕ್ಕಿಂತ ಹೆಚ್ಚೋ ಕಮ್ಮಿಯೋ ಅಂತ ಕೇಳಿ. ಐದರ ಅರ್ಧ ಎರಡೂವರೆ, ಆದ್ದರಿಂದ ಕಮ್ಮಿ. ಅರ್ಧ ರೊಟ್ಟಿ ಆಗಲೇ ತಾಟಿನಲ್ಲಿದೆ, ಅದರ ಮೇಲೆ ಇನ್ನೊಂದು ತುಂಡು ಬಿದ್ದ ಮೇಲೆ ಅರ್ಧಕ್ಕಿಂತ ಕಮ್ಮಿ ಹೇಗಾಯಿತು? ಈ ಪ್ರಶ್ನೆ ಕೇಳಿದ ಮೇಲೆ ತರಗತಿಗೆ ಸಮಯ ಕೊಡಿ.

ಸರಿಯಾದ ಉತ್ತರವೂ ತಾಟಿನಲ್ಲೇ ಸಿಗುತ್ತದೆ. ಅರ್ಧದ ಪಕ್ಕಕ್ಕೆ ಮೂರನೇ ಒಂದು ಪಾಲು ಇಟ್ಟರೆ ಸಣ್ಣ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಎಷ್ಟು ಅಂತ ತಿಳಿಯಲು ಇನ್ನೊಂದು 1/3 ಚೂರನ್ನು ಎರಡು ಮಾಡಿ ಅದರಲ್ಲೊಂದನ್ನು ಅಲ್ಲಿ ಇಟ್ಟು ನೋಡಲಿ, ಸರಿಯಾಗಿ ಕೂರುತ್ತದೆ. ಅಂಥ ಚೂರು ಒಂದು ರೊಟ್ಟಿಗೆ ಆರು ಬೇಕು. ಅರ್ಧದಲ್ಲಿ ಮೂರು, ಮೂರನೇ ಪಾಲಿನಲ್ಲಿ ಎರಡು, ಒಟ್ಟು 5/6. ಛೇದ ಸಮ ಮಾಡುವ ನಿಯಮ ಅಂತ ನಾವು ಬೋರ್ಡಿನ ಮೇಲೆ ಬರೆಯುವುದು ಇದನ್ನೇ: ಎರಡೂ ತುಂಡನ್ನು ಅಳೆಯಬಲ್ಲ ಒಂದೇ ಗಾತ್ರದ ಚೂರು ಹುಡುಕುವುದು. ಇದಾದ ಮೇಲೆ ನಿಯಮ ಹೇಳಿ, ಖಂಡಿತ ಹೇಳಿ. ನಿಯಮ ಇಲ್ಲದೆ 5/12 ಮತ್ತು 7/18 ಕೂಡಿಸಲು ಯಾವ ರೊಟ್ಟಿಯೂ ನೆರವಿಗೆ ಬರುವುದಿಲ್ಲ.

ಇನ್ನು ಆ ಕೊರತೆಯ ಲೆಕ್ಕ. ನಾಲ್ವರ ಪಂಕ್ತಿಯಲ್ಲಿ ತಲೆಗೆ 1/4 ಕಮ್ಮಿ ಬಿತ್ತು, ಆರು ಮಂದಿಯ ಪಂಕ್ತಿಯಲ್ಲಿ 1/6 ಕಮ್ಮಿ ಬಿತ್ತು. ಯಾವ ಪಂಕ್ತಿಯಲ್ಲಿ ಕೂರುತ್ತೀರಿ ಅಂತ ಕೇಳಿದರೆ ಮಕ್ಕಳು ಛೇದ ಸಮ ಮಾಡದೆ ಹೇಳುತ್ತಾರೆ: ಖಾಲಿ ಜಾಗ ಸಣ್ಣದಿರುವ ಕಡೆ. 5/6 ದೊಡ್ಡದು. ಇಲ್ಲಿ ಒಂದು ಎಚ್ಚರ ಬೇಕು. ಎರಡೂ ಕಡೆ ಒಂದೇ ಒಂದು ರೊಟ್ಟಿ ಕೊರತೆ ಇದ್ದಾಗ ಈ ಉಪಾಯ ಸಲೀಸು. ಮೂರು ರೊಟ್ಟಿ ಐದು ಮಕ್ಕಳಿಗೆ ಅಂದಾಗ ಎರಡು ರೊಟ್ಟಿ ಕೊರತೆ, ತಲೆಗೆ 2/5 ಕಮ್ಮಿ. ಅದನ್ನು 1/4ರ ಜೊತೆ ಹೋಲಿಸುವಾಗ “ಐದು ದೊಡ್ಡದು, ಹಾಗಾಗಿ ಖಾಲಿ ಸಣ್ಣದು” ಅಂತ ಹೇಳಿಬಿಟ್ಟರೆ ತಪ್ಪುತ್ತದೆ. ಅಂಥ ಒಂದು ಲೆಕ್ಕವನ್ನು ಬೇಕಂತಲೇ ನಡುವೆ ಹಾಕಿ.

ಒಡೆಯುವ ಕೆಲಸದ ಬಗ್ಗೆ ಎರಡು ಮಾತು, ಏಕೆಂದರೆ ಒಳ್ಳೆಯ ಪಾಠ ಇಲ್ಲೇ ಕೆಡುತ್ತದೆ. ತರಗತಿಗೆ ನಿಜವಾದ ರೊಟ್ಟಿ ತರುವ ಆಸೆ ಇದ್ದರೆ ಅದೇ ದಿನ ಬಡಿದ ಮೆತ್ತನೆಯದು ತನ್ನಿ. ಕಟಿ ರೊಟ್ಟಿ ಕೈಗೆ ಬಂದ ಕಡೆ ಸೀಳುತ್ತದೆ, ಅರ್ಧ ಅಂತ ಮುರಿದರೆ ಒಂದು ಕಡೆ ದೊಡ್ಡದು ಒಂದು ಕಡೆ ಸಣ್ಣದು, ಜೊತೆಗೆ ಅಂಗೈ ತುಂಬ ಪುಡಿ. ಕೈಯಲ್ಲಿ ಬಡಿದ ರೊಟ್ಟಿಗಳು ಒಂದೇ ಅಗಲ ಇರುವುದಿಲ್ಲ, ಮಕ್ಕಳು ದೊಡ್ಡ ರೊಟ್ಟಿಯ ಕಾಲು ತನಗೇ ಬೇಕು ಅಂತ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳ ನ್ಯಾಯವಾದದ್ದೇ. ದೊಡ್ಡದರ 1/4, ಸಣ್ಣದರ 1/4 ಎರಡೂ ಸಮ ಅಲ್ಲ. ಅದನ್ನು ಒಂದು ಸಲ ಮಾತಾಡಿ, ಆಮೇಲೆ ಒಂದೇ ಡಬ್ಬಿಯ ಮುಚ್ಚಳ ಇಟ್ಟು ಗೀಚಿ ಕತ್ತರಿಸಿದ ಕಾಗದದ ರೊಟ್ಟಿಗೆ ಹೋಗಿ.

ಅರ್ಧ, ಕಾಲು, ಎಂಟನೇ ಪಾಲು ಮಡಚಿದರೆ ಬರುತ್ತವೆ. ಮೂರು ಪಾಲು ಹಾಗೆ ಸುಲಭವಾಗಿ ಬರುವುದಿಲ್ಲ. ಬಹಳ ಮಕ್ಕಳು ದುಂಡಗಿನ ಕಾಗದಕ್ಕೆ ಎರಡು ನೇರ ಗೆರೆ, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ ಎಳೆದು ಮೂರಾಯಿತು ಅನ್ನುತ್ತಾರೆ. ಆಯತಕ್ಕಾದರೆ ಅದು ಸರಿ, ವೃತ್ತಕ್ಕೆ ಸರಿಯಲ್ಲ. ಹಾಗೆ ಕತ್ತರಿಸಿದರೆ ನಡುವಿನ ಪಟ್ಟಿಗೆ ನೂರರಲ್ಲಿ ಸುಮಾರು 42 ಪಾಲು ಹೋಗುತ್ತದೆ, ಅಂಚಿನ ಎರಡಕ್ಕೆ ತಲಾ 29 ಮಾತ್ರ ಉಳಿಯುತ್ತದೆ. ಕತ್ತರಿಸಿದ ಅಂಚಿನ ಚೂರನ್ನು ನಡುವಿನ ಪಟ್ಟಿಯ ಮೇಲೆ ಇಟ್ಟು ನೋಡಲು ಹೇಳಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸರಿಯಾದ ದಾರಿ ನಡುವಿನ ಚುಕ್ಕಿಯಿಂದ ಅಂಚಿಗೆ ಮೂರು ಗೆರೆ ಎಳೆಯುವುದು, ಗಡಿಯಾರದ ಹನ್ನೆರಡು, ನಾಲ್ಕು, ಎಂಟರ ಕಡೆಗೆ. ಗೋಡೆಯ ಗಡಿಯಾರ ತೋರಿಸಿದರೆ ಮಕ್ಕಳಿಗೆ ಸಾಕಾಗುತ್ತದೆ.

ರೊಟ್ಟಿಯ ಕಥೆ ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದನ್ನೂ ಹೇಳಬೇಕು. ಒಂದಕ್ಕಿಂತ ದೊಡ್ಡ ಭಿನ್ನರಾಶಿಯನ್ನು ಇದು ಚೆನ್ನಾಗಿ ಹೊರುತ್ತದೆ. ಐದು ರೊಟ್ಟಿ ನಾಲ್ವರಿಗೆ ಅಂದರೆ ತಲೆಗೆ ಒಂದೂಕಾಲು, ಅಂದರೆ 5/4. ಬಣ್ಣ ತುಂಬಿದ ಚಿತ್ರ ತೋರಿಸಿ “ನಾಲ್ಕು ಭಾಗದಲ್ಲಿ ಐದು” ಅಂದರೆ ಮಕ್ಕಳು ಗಲಿಬಿಲಿ ಆಗುತ್ತಾರೆ, ಹಂಚಿಕೆಯಲ್ಲಿ ಆ ಗೊಂದಲವೇ ಬರುವುದಿಲ್ಲ. ಆದರೆ 3/4 ಅನ್ನುವುದು 0 ಮತ್ತು 1ರ ನಡುವೆ ಒಂದು ಜಾಗದಲ್ಲಿ ಕೂತ ಸಂಖ್ಯೆ ಅನ್ನುವುದು ರೊಟ್ಟಿಯಿಂದ ತಾನಾಗಿ ಬರುವುದಿಲ್ಲ. ಬರೀ ರೊಟ್ಟಿಯಲ್ಲೇ ಕಲಿತ ಮಕ್ಕಳಿಗೆ ಸಂಖ್ಯಾರೇಖೆಯ ಮೇಲೆ 3/4 ಗುರುತಿಸು ಅಂದರೆ ಅಲ್ಲಿ ಒಂದು ದುಂಡು ಬರೆದು ಮುಕ್ಕಾಲು ಬಣ್ಣ ತುಂಬುವುದನ್ನು ಕಂಡಿದ್ದೇನೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ಹಂಚಿಕೆಯನ್ನೂ ಅಳತೆಯನ್ನೂ ಜೊತೆಗೂಡಿಸಿ ಭಿನ್ನರಾಶಿ ಕಲಿಸುವ ಕೆಲಸ ಮಾಡಿದ್ದಾರೆ, ನನಗೆ ಆ ಜೋಡಿಯೇ ಸರಿ ಅನ್ನಿಸುತ್ತದೆ. ಹಾಗಾಗಿ ರೊಟ್ಟಿಯ ಪಾಠ ಮುಗಿದ ಮೇಲೆ ಒಂದು ಮೀಟರ್ ದಾರ ತನ್ನಿ. ಅದನ್ನು ಮಡಚಿ ಕಾಲು ಗುರುತು ಹಾಕಿಸಿ, ಬೆಂಚಿನ ಉದ್ದ, ಬಾಗಿಲಿನ ಅಗಲ ಅಳೆಸಿ. ಬೆಂಚು ಒಂದು ದಾರ ಮತ್ತು ಮುಕ್ಕಾಲು ಬಂತು ಅಂದಾಗ ಅದೇ ಮುಕ್ಕಾಲು ಉದ್ದವಾಗಿಯೂ ಇರುತ್ತದೆ ಅಂತ ಮಕ್ಕಳು ಒಪ್ಪುತ್ತಾರೆ.

ನಿಮ್ಮ ಸಹೋದ್ಯೋಗಿಗಳಿಗೆ ಸಮಯದ ಚಿಂತೆ ಇರಬಹುದು, ಅದು ಸುಳ್ಳು ಚಿಂತೆ ಅಲ್ಲ. ಪಾಠ ಮುಗಿಸುವ ಒತ್ತಡ ಇದ್ದರೆ ಕಾಗದದ ರೊಟ್ಟಿ ಕತ್ತರಿಸುವುದನ್ನು ಮನೆಯಲ್ಲೇ ಮಾಡಿಕೊಂಡು ಬರಲು ಹೇಳಿ, ತರಗತಿಯ ಸಮಯವನ್ನು ಪ್ರಶ್ನೆಗಳಿಗೆ ಉಳಿಸಿ. ಕಥೆಯನ್ನು ಓದಿಸಿ, ಪ್ರಶ್ನೆ ಬಿಟ್ಟು ನೇರ ಅಭ್ಯಾಸದ ಲೆಕ್ಕಕ್ಕೆ ಹೋಗುವುದೊಂದನ್ನು ಮಾತ್ರ ಮಾಡಬೇಡಿ. ಹಾಗಾದಾಗ 3/12 ಅಂದ ಮಗುವಿಗೆ ತನ್ನ ಉತ್ತರ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ಪಾಠ ಹತ್ತಿದೆಯೋ ಇಲ್ಲವೋ ನೋಡಲು ಒಂದು ಪ್ರಶ್ನೆ ಸಾಕು, ಎರಡು ವಾರ ಬಿಟ್ಟು ಕೇಳಿ: ಆರು ರೊಟ್ಟಿ, ಎಂಟು ಮಕ್ಕಳು. ಒಬ್ಬನ ಪಾಲು ಗೌರಿಯ ಪಾಲಿಗಿಂತ ಹೆಚ್ಚೋ, ಕಮ್ಮಿಯೋ, ಅಷ್ಟೇನೋ? ಎಂಟೆಂಟು ಚೂರು ಮಾಡಿ 6/48 ಅಂತ ಬರೆದು, ಕಮ್ಮಿ ಅಂದ ಮಗು ಇನ್ನೂ ಬುಟ್ಟಿಯನ್ನೇ ಹಿಡಿದಿದೆ. ಮಕ್ಕಳು ಹೆಚ್ಚಾದರು, ಹಾಗಾಗಿ ಕಮ್ಮಿ ಅಂದ ಮಗು ರೊಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. “ಇದು ಗೌರಿಯಂಥ ಎರಡು ಪಂಕ್ತಿ ಕೂಡಿ ಕೂತ ಹಾಗೆ, ಅಷ್ಟೇ” ಅಂತ ಒಂದು ಮಗುವಾದರೂ ಹೇಳಿದರೆ, ಅದನ್ನೇ ಎದ್ದು ನಿಲ್ಲಿಸಿ ಉಳಿದವರಿಗೆ ವಿವರಿಸಲು ಹೇಳಿ.